ಹೋಗಿಬರ್ತೀನಿ ಅನ್ನಬಾರದ ಪಾಠ

ಮಂಗಳವಾರ, ಮಧ್ಯಾಹ್ನ

ಲಿಫ್ಟ್ ಮೇಸ್ತ್ರಿಗಳಿಗೆ ಮನೆಯಿಂದ,

ಫೋನಿನಲ್ಲಿ ಮಾತಾಡಿದರೆ ಜಗಳವೇ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಂದ ಲಿಫ್ಟಿನ ಬಿಡಿಭಾಗ ತರುವ ನಿಮ್ಮ ಕಂಪನಿಯ ಗಾಡಿಯವನ ಕೈಲಿ ಕಳಿಸುತ್ತೇನೆ.

ನಿನ್ನೆ ಫೋನ್ ಮಾಡಿದಾಗ ನೀನು ಮೊದಲು ಕೇಳಿದ್ದು, ಮೇಡಂದು ಊಟ ಆಯ್ತಾ ಅಂತ. ನಾಯಿಗೆ ಮೇಡಂ ಅಂತ ಹೆಸರಿಟ್ಟವನೂ ನೀನೇ. ಮೇಡಂದು ಆಯ್ತು, ಅಡುಗೆಯವಳದ್ದು ಇನ್ನೂ ಇಲ್ಲ ಅಂದೆ. ನಕ್ಕುಬಿಟ್ಟೆ ನೀನು. ನಾನು ನಗಿಸಲು ಹೇಳಿದ್ದಲ್ಲ.

ನಾಯಿ ಬೇಕು ಅಂದವನು ನೀನು, ಬೇಡ ಅಂದವಳು ನಾನು. ಕೊನೆಗೆ ಸ್ವಲ್ಪ ದಿನ ಇಟ್ಟು ನೋಡೋಣ ಎಂದು ನಾಯಿಗಳ ಆಶ್ರಯಧಾಮದಿಂದ ಕರೆತಂದೆವು. ಬೆಳಗಿನ ಓಡಾಟ ನಿನ್ನದು, ಸಂಜೆಯದು ನನ್ನದು ಎಂದು ಮಾತಾಗಿತ್ತು. ಅಷ್ಟರಲ್ಲಿ ನಿನಗೆ ಹೊರಊರಿನ ಕೆಲಸ ಬಂತು. ಈಗ ಎರಡೂ ನನ್ನವೇ. ಹಳೆಯ ಆಹಾರಕ್ಕೆ ಹೊಸದನ್ನು ದಿನಕ್ಕಿಷ್ಟಿಷ್ಟು ಬೆರೆಸಿ ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು, ಕಿವಿಗೆ ಔಷಧಿ ಬಿಟ್ಟು ಬುಡವನ್ನು ಮೆಲ್ಲಗೆ ತಿಕ್ಕಿ, ಅದು ತಲೆ ಕೊಡವುವ ಮೊದಲು ಹಿಂದೆ ಸರಿಯುವುದು, ಎಲ್ಲ ಕಲಿತೆ. ಇದಕ್ಕೇ ಕೋಪ ಬರಬೇಕಿತ್ತು. ಬಂದಿದ್ದು ಬೇರೆಯದಕ್ಕೆ.

ಒಂಟಿಯಾಗಿ ಬಿಟ್ಟರೆ ಊಳಿಡುತ್ತದಲ್ಲ, ಅದಕ್ಕೆ ಆಶ್ರಯಧಾಮದವರು ಒಂದು ಪಾಠ ಹೇಳಿಕೊಟ್ಟಿದ್ದರು. ಹೊರಡುವಾಗ ಹೋಗಿಬರ್ತೀನಿ ಅನ್ನಬೇಡಿ, ಮುದ್ದು ಮಾಡಬೇಡಿ. ಬಂದಾಗಲೂ ಸಂಭ್ರಮ ಬೇಡ. ಅದು ಊಳಿಡುವ ಮೊದಲೇ ಒಳಗೆ ಬನ್ನಿ, ಹೊರಗಿರುವ ಹೊತ್ತನ್ನು ನಿಧಾನಕ್ಕೆ ಹೆಚ್ಚಿಸಿ. ಹೋಗುವುದು ದೊಡ್ಡ ಸಂಗತಿಯಲ್ಲ ಅಂತ ಅದಕ್ಕೇ ಗೊತ್ತಾಗುತ್ತೆ. ನನಗೆ ಇದು ಮೊದಲಿಂದ ಅಭ್ಯಾಸ ಬಿಡಿ ಅಂದೆ ನೀನು. ಪಾಠ ಹೇಳುತ್ತಿದ್ದಾಕೆ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಅಭ್ಯಾಸ ನಿಜವೇ. ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತೀಯ. ಬಂದರೆ ನೇರ ಬಚ್ಚಲಿಗೆ. ಮೊದಮೊದಲು ನಾನು ಗಲಾಟೆ ಮಾಡುತ್ತಿದ್ದೆ, ಈಗ ಇಲ್ಲ. ಅದು ನೆಮ್ಮದಿಯೋ, ಪಳಗಿದ್ದೋ ತಿಳಿಯುತ್ತಿಲ್ಲ. ನನಗೆ ಜೊತೆಯಿರಲಿ ಅಂತ ನಾಯಿ ತಂದೆಯೋ, ಇನ್ನಷ್ಟು ದಿನ ಹೊರಗಿರಬಹುದು ಅಂತ ತಂದೆಯೋ? ನಾನು ಬೇಡ ಅಂದದ್ದಾದರೂ ನಾಯಿಯನ್ನೇ? ದಿನವಿಡೀ ಬೇರೆಯವರ ಬರಹದ ಕರಡು ತಿದ್ದುವವಳಿಗೆ ತನ್ನ ಮಾತಿನಲ್ಲಿ ತಪ್ಪೆಲ್ಲಿದೆ ಅಂತ ಗೊತ್ತಾಗುತ್ತಿಲ್ಲ.

ಇಟ್ಟುಕೊಳ್ಳುತ್ತೀರೋ ವಾಪಸ್ ಕೊಡುತ್ತೀರೋ ಎಂದು ಆಶ್ರಯಧಾಮಕ್ಕೆ ಶುಕ್ರವಾರದೊಳಗೆ ತಿಳಿಸಬೇಕು. ನೀನು ಬರುವುದು ಶನಿವಾರ.

ಸದ್ಯಕ್ಕೆ ಗೊತ್ತಿರುವುದು ಇಷ್ಟೇ.

ನಿನ್ನ ಮನೆಯವಳು

ಮತ್ತೆ: ಪತ್ರ ಮಡಿಸಿಟ್ಟು, ಪಾಠಕ್ಕೆಂದು ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಒಳಗೆ ಸದ್ದೇ ಇಲ್ಲ. ಖುಷಿಪಡಬೇಕಾದವಳು ತಡೆಯಲಾರದೆ ಬಾಗಿಲು ತೆಗೆದು, ಬಂದೆ ಕಣೇ, ಬಂದೆ ಅಂತ ಕೂಗಿಬಿಟ್ಟೆ. ಪಾಠವೆಲ್ಲ ಮಣ್ಣುಪಾಲು. ತಕ್ಷಣ ಆಶ್ರಯಧಾಮಕ್ಕೆ ಫೋನ್ ಮಾಡಿ ಇಟ್ಕೋತೀವಿ ಅಂದೆ. ಇಬ್ಬರಿಗೂ ಒಪ್ಪಿಗೆ ತಾನೇ ಅಂತ ಕೇಳಿದರು. ಹೂಂ ಅಂದೆ. ಆ ಇಬ್ಬರಲ್ಲಿ ನೀನಿದ್ದೆಯೋ ಇಲ್ಲವೋ ಅಂತ ಬಂದಮೇಲೆ ನನ್ನನ್ನೇ ಕೇಳು. ಬಚ್ಚಲಿಗೆ ಹೋಗುವ ಮೊದಲು.