ಎಡಗೈಯ ಗಂಟು

ಬಳ್ಳಾರಿ,
೨೨ ನವೆಂಬರ್ ೨೦೨೫

ಪ್ರೀತಿಯ ಅಕ್ಕ ಅರುಣಾಳಿಗೆ,

ನಮಸ್ಕಾರ. ಸಿರುಗುಪ್ಪದಲ್ಲಿ ನೀನೂ ಕೂಸೂ ಕ್ಷೇಮವೆಂದು ನಂಬಿದ್ದೇನೆ. ಅಜ್ಜನಿಗಾಗಿ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ನಡೆದ ಸಭೆಯ ಸುದ್ದಿಯನ್ನು ಅಂದೇ ಬರೆಯುವೆನೆಂದಿದ್ದೆ. ಬಾಣಂತಿ ನೀನು ಕಾಯುತ್ತಿರುವೆಯೆಂದು ತಿಳಿದೂ ತಡಮಾಡಿದೆ, ಕ್ಷಮಿಸು.

ದೇಹದಾನಿಗಳ ಕುಟುಂಬಗಳಿಗೆ ಮೊದಲ ವರ್ಷದವರು ಕೃತಜ್ಞತೆ ಹೇಳುವ ಸಭೆ ಅದು. ನನ್ನ ಮೊದಲ ವರ್ಷದಲ್ಲಿ, ತರಗತಿಗೆ ಮೊದಲಿಗಳೆಂದು, ಆ ಭಾಷಣವನ್ನು ನಾನೇ ಮಾಡಿದ್ದೆ. ಈ ಸಲ ಕುಟುಂಬದವರ ಸಾಲಿನಲ್ಲಿ, ಅಜ್ಜಿಯ ಪಕ್ಕ ಕುಳಿತೆ. ವೇದಿಕೆಯ ಮೇಲೆ ರಶ್ಮಿ ಎಂಬ ಹುಡುಗಿ. ನನ್ನಷ್ಟು ಚೆನ್ನಾಗಿ ಮಾತಾಡಲಿಲ್ಲ. ಎರಡು ಕಡೆ ತಡವರಿಸಿದಳು.

ದಾನಿಗಳ ಹೆಸರನ್ನು ವಿದ್ಯಾರ್ಥಿಗಳಿಗೆ ತಿಳಿಸುವುದಿಲ್ಲ. ಅವರ ಪಾಲಿಗೆ ಒಂದು ಸಂಖ್ಯೆಯಷ್ಟೇ. ಅಜ್ಜ ತಾನೇ ಬರೆದುಕೊಟ್ಟಿದ್ದರೂ ಅಜ್ಜಿ ಒಪ್ಪಿ ಸಹಿ ಹಾಕಿದ ಮೇಲೆಯೇ ದೇಹವನ್ನು ಪಡೆದುಕೊಂಡರಲ್ಲವೆ? ಕೆಡದಂತೆ ರಕ್ತನಾಳದಲ್ಲಿ ಔಷಧ ಹರಿಸಿದರೆಂಬಲ್ಲಿಗೆ ನನಗೆ ತಿಳಿದದ್ದು ಮುಗಿಯಿತು. ಅಜ್ಜನ ದೇಹ ಅಲ್ಲಿದ್ದ ವರ್ಷ ಶವಚ್ಛೇದನದ ಕೋಣೆಗೆ ಬರಬೇಡವೆಂದು ಅಂಗರಚನಾ ವಿಭಾಗದ ಮೇಡಂ ನನಗೆ ಮೊದಲೇ ಹೇಳಿದ್ದರು.

ಮೊದಲ ದಿನ, ಮುಖಕ್ಕೆ ಬಟ್ಟೆ ಮುಚ್ಚಿದ ದೇಹದ ಸುತ್ತ ನಿಂತು ಗೌರವದಿಂದ ಕಲಿಯುವ ಪ್ರಮಾಣ ಮಾಡಿದ್ದನ್ನು ರಶ್ಮಿ ನೆನೆದಳು. ತೋಳಿನಿಂದ ಕಲಿಕೆ ಆರಂಭವಾಯಿತಂತೆ. "ನಮ್ಮ ಗುರುಗಳ ಎಡ ಮುಂಗೈಯಲ್ಲಿ, ಎಂದೋ ಮುರಿದು ಕೂಡಿದ ಮೂಳೆಯ ಗಂಟಿತ್ತು. ಮೂಳೆ ಹೇಗೆ ಕೂಡುತ್ತದೆಂದು ಅವರೇ ಕಲಿಸಿದರು," ಎಂದಳು.

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು.

ಎಲ್ಲರೂ ದೀಪದ ಮುಂದೆ ಹೂವಿಡುವಾಗ ಅವಳು ಹೂವನ್ನು ಹಿಡಿದುಕೊಂಡೇ ರಶ್ಮಿಯ ಬಳಿಗೆ ಹೋದಳು. ನಿನಗೇ ಗೊತ್ತು, ನಮ್ಮ ಹಿರಿಯರೆಲ್ಲ ಬಾದನಹಟ್ಟಿಯ ಹೊಲದ ಮಣ್ಣಿನಲ್ಲಿ ಸಮಾಧಿಯಾಗಿ ಕುಳಿತಿದ್ದಾರೆ. ಅಜ್ಜನೊಬ್ಬನಿಗೆ ಹೂವಿಡುವ ಗದ್ದುಗೆಯಿಲ್ಲ. ಅಜ್ಜಿ ಆ ಹೂವನ್ನು ಹುಡುಗಿಯ ಅಂಗೈಗಿಟ್ಟು, ಅವಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

"ನಮ್ಮೋರ ಕೈ ಅದು, ಯವ್ವಾ. ಇನ್ನ ನನಗ ನಿನ್ನ ಕೈ ಇವ ಗದ್ದಿಗಿ."

ರಶ್ಮಿ ಅಳುತ್ತ ಕೇಳಿದಳು: "ಅಜ್ಜಿ, ಅದು ಹೆಂಗ ಮುರೀತು? ವರ್ಷ ಪೂರಾ ಅದನ್ನ ಮಾತಾಡ್ಕೊಂಡೀವಿ."

"ಇಕಿನ್ನ ಕೇಳು. ಇಕಿ ಹೇಳ್ತಾಳ."

ನಾನು ಗೊತ್ತಿಲ್ಲವೆಂದೆ.

ಊರಿಗೆ ಮರಳಲು ಕುರುಗೋಡಿನ ಬಸ್ಸು ಹತ್ತುವಾಗ ಅಜ್ಜಿ, "ಹೊಟ್ಟಿಕಿಚ್ಚು ಪಡಾಕ ನಿನಗ ನಿಮ್ಮಜ್ಜನ ಬೇಕಾದ್ನೇನಲೇ?" ಎಂದಳು.

ಅಕ್ಕ, ನಾನು ಯಾರ ಮೇಲೂ ಅಸೂಯೆಪಟ್ಟವಳಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ. ಆ ಹುಡುಗಿಯ ಕೈಗಳನ್ನು ಮಾತ್ರ ಇಂದಿಗೂ ಮರೆಯಲಾರೆ.

ಅಜ್ಜನ ಹೆಸರು ಹೊತ್ತ ಕೂಸು ನೂರು ಕಾಲ ಬಾಳಲಿ. ಭಾವನವರಿಗೆ ನಮಸ್ಕಾರ.

ನಿನ್ನ ತಂಗಿ,
ವಿಜಯಲಕ್ಷ್ಮಿ

ಮರೆತಿದ್ದು: ಚಿಕ್ಕವಳಿದ್ದಾಗ ಅಜ್ಜನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನಾನು ಕುಳಿತಿದ್ದೆ. ಉರುಳಿಬಿದ್ದಾಗ ನನ್ನ ತಲೆ ನೆಲಕ್ಕೆ ತಾಗದಂತೆ ಅಜ್ಜ ಎಡಗೈ ಕೊಟ್ಟ. ಆಮೇಲೆ ಎಷ್ಟೋ ವರ್ಷ ಆ ಗಂಟಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದೇನೆ. ಚರ್ಮದ ಕೆಳಗೆ ಅದು ಹೇಗಿತ್ತೆಂದು ರಶ್ಮಿ ಬಲ್ಲಳು. ಹೇಗಿತ್ತೆಂದು ಅವಳನ್ನು ಕೇಳಬೇಕೆನ್ನಿಸುತ್ತದೆ. ಕೇಳಿದರೆ ಇದನ್ನು ಅವಳಿಗೆ ಹೇಳಬೇಕಾಗುತ್ತದೆ.