ಬಿಡೋಕೂ ಒಂದು ಫಾರಂ ಇದೆ

ಆಗಸ್ಟ್ 19, ಬೆಳಿಗ್ಗೆ 9.40

ಹಾಸ್ಟೆಲ್ ಖಾಲಿ. ಎಲ್ಲ ಕ್ಲಾಸಲ್ಲಿ. ನಾನು ಬಕೆಟ್ ಬೋರಲು ಹಾಕಿ ಕೂತು ಕಬ್ಬಿಣದ ಪೈಪಿನ ತುದಿ ಅರದಲ್ಲಿ ಉಜ್ತಾ ಇದೀನಿ. ಒಂದು ಪೈಪಿನ ತುದಿ ಇನ್ನೊಂದರ ಮೈಗೆ ಸರಿಯಾಗಿ ತಬ್ಬಿಕೊಂಡು ಕೂರಬೇಕು. ಮಧ್ಯೆ ಬೆಳಕು ಕಂಡ್ರೆ ಫೇಲ್. ನಂದು ಇನ್ನೂ ಕಾಣ್ತಿದೆ. ನಾಲ್ಕನೇ ಪೈಪು ಇದು.

ಫ್ರೇಮ್ ಅಜ್ಜ ಹೇಳಿದ್ದು ಹತ್ತು ಪೈಪು ತಂದು ತೋರಿಸು ಅಂತ. ಮೂರು ವರ್ಷದಿಂದ ಅವರ ಒಂದೊಂದು ವಿಡಿಯೋನೂ ನೋಡಿದೀನಿ. ಸೈಕಲ್ ಫ್ರೇಮು ಕೈಯಲ್ಲೇ ಕಟ್ತಾರೆ, ವರ್ಷಕ್ಕೆ ಎಂಟೇ. ಅವರ ಫ್ಯಾನ್ ಥ್ರೆಡ್‌ನಲ್ಲಿ ಅರ್ಧ ಕಾಮೆಂಟ್ ನಂದೇ. ಅಂಥವರು ಜುಲೈನಲ್ಲಿ ನಂಗೇ ಮೆಸೇಜ್ ಮಾಡಿದ್ರು — ಅಕ್ಟೋಬರ್ ಒಂದರಿಂದ ಬಾ, ಒಂದು ವರ್ಷ ಕಲಿಸ್ತೀನಿ, ಆಮೇಲೆ ನನ್ನ ಕಣ್ಣು ಸಾಕು ಅಂತಿದೆ, ಅಂಗಡಿ ಮುಚ್ತೀನಿ. ಪಾರ್ಟ್ ಟೈಮ್ ನಡೆಯಲ್ಲ.

ನಂಗೆ ಏಳನೇ ಸೆಮಿಸ್ಟರ್. ಮುಗಿಯೋಕೆ ಇನ್ನೂ ಎಂಟು ತಿಂಗಳು. ಎರಡೂ ಒಟ್ಟಿಗೆ ಆಗಲ್ಲ.

ಹಾಗಾಗಿ ಇಂಜಿನಿಯರಿಂಗ್ ಬಿಡ್ತಿದೀನಿ. ಬರೆದುಬಿಟ್ಟೆ. ನೋಡು, ಸೀಲಿಂಗ್ ಬೀಳ್ಲಿಲ್ಲ.

ಆಗಸ್ಟ್ 22, ಮಧ್ಯಾಹ್ನ

ಆಫೀಸಿಗೆ ಹೋದೆ. ಕೌಂಟರ್‌ನಲ್ಲಿದ್ದ ಮೇಡಮ್‌ಗೆ ‘ಬಿಡ್ತಿದೀನಿ’ ಅಂದೆ. ತಲೆ ಎತ್ತಲಿಲ್ಲ. ಹಳದಿ ಫಾರಂ ತಳ್ಳಿದ್ರು. ಯಾಕೆ ಏನು ಒಂದೂ ಕೇಳ್ಲಿಲ್ಲ, ಬಸ್ ಟಿಕೆಟ್ ಕೊಟ್ಟಷ್ಟು ಸಲೀಸು. ಅಲ್ಲೇ ನಿಂತು ತುಂಬಿದೆ. ಇನ್ನು ಲೈಬ್ರರಿ, ಲ್ಯಾಬ್, ಹಾಸ್ಟೆಲ್ — ಮೂರು ಕಡೆ ‘ಏನೂ ಬಾಕಿ ಇಲ್ಲ’ ಅಂತ ಸಹಿ ಆದ್ರೆ ಸಾಕು.

ಅಕ್ಕಂಗೆ ಮಾತ್ರ ಮೆಸೇಜ್ ಹಾಕಿದೆ. ‘ಫಾರಂ ತಗೊಂಡೆ. ಕಾಲೇಜ್ ಬಿಡ್ತಿದೀನಿ. ಅಪ್ಪಂಗೆ ಹೇಳ್ಬೇಡ. ಭಾಷಣ ಬೇಡ.’ ಫಾರಮ್ಮಿನ ಫೋಟೋನೂ ಕಳಿಸಿದೆ, ಸ್ಟೈಲಾಗಿ.

ಬ್ಲೂ ಟಿಕ್. ಆಮೇಲೆ ಹನ್ನೊಂದು ಮಿಸ್ಡ್ ಕಾಲ್. ಎತ್ತಲ್ಲ.

ಆಗಸ್ಟ್ 23

ಆರು ಮಿಸ್ಡ್ ಕಾಲ್.

ಆಗಸ್ಟ್ 24

ಒಂದೂ ಇಲ್ಲ. ಇದು ಜಾಸ್ತಿ ಭಯ.

ಆಗಸ್ಟ್ 29, ಬೆಳಿಗ್ಗೆ 11

ಕೊರಿಯರ್. ಕಾಗದ. ನಿಜವಾದ ಕಾಗದ, ಪೆನ್ನಲ್ಲಿ ಬರೆದಿದ್ದು, ಆರು ಪುಟ. ಈ ಕಾಲದಲ್ಲಿ ಯಾರು ಕಾಗದ ಬರೀತಾರೆ... ನಮ್ಮಕ್ಕ ಬರೀತಾಳೆ. ಮುಖ್ಯವಾದಷ್ಟನ್ನ ಇಲ್ಲಿ ಕಾಪಿ ಮಾಡ್ತಿದೀನಿ, ಯಾಕಂದ್ರೆ ಮೂಲ ಪ್ರತೀನ ಸಿಟ್ಟಲ್ಲಿ ಹರಿದು ಹಾಕಬಹುದು, ನನ್ನ ಬುದ್ಧಿ ನಂಗೊತ್ತು.

*ಲೋ ಕೋತಿ,*

*ಫೋನ್ ಎತ್ತಲ್ಲ ಅಂತ ಗೊತ್ತಾಯ್ತು. ಮೆಸೇಜ್ ಹಾಕಿದ್ರೆ ಅರ್ಧ ಓದಿ ಥಂಬ್ಸಪ್ ಹಾಕ್ತೀಯ. ಕಾಗದಕ್ಕೆ ಥಂಬ್ಸಪ್ ಹಾಕೋಕಾಗಲ್ಲ, ಓದು.*

*ಬಿಡಬೇಡ ಅಂತ ಹೇಳೋಕೆ ಬರೀತಿಲ್ಲ. ಆ ಅಜ್ಜನ ವಿಡಿಯೋ ನಾನೂ ನೋಡಿದೆ, ನಾಲ್ಕು. ಚೆನ್ನಾಗಿದೆ. ನೀನು ಹೋಗು. ಆದ್ರೆ ನೀನು ತುಂಬಿರೋದು ಯಾವ ಫಾರಂ ಅಂತ ಓದಿದೀಯಾ? ತಲೆಬರಹ ಓದು. ‘ಪ್ರವೇಶ ರದ್ದತಿ’. ಅದನ್ನ ಕೊಟ್ಟ ದಿನ ನಿನ್ನ ಹೆಸರು ಪಟ್ಟಿಯಿಂದ ಹೋಯ್ತು. ಮತ್ತೆ ಸೇರಬೇಕು ಅಂದ್ರೆ ಮೊದಲನೇ ವರ್ಷದ ಹುಡುಗರ ಜೊತೆ ಕ್ಯೂ. ಆರು ಸೆಮಿಸ್ಟರ್ ಓದಿದ್ದಕ್ಕೆ ಒಂದು ಅಂಕಪಟ್ಟಿ ಸಿಗತ್ತೆ, ಗೋಡೆಗೆ ಹಾಕ್ಕೊ.*

*ನಿಮ್ಮ ಕಾಲೇಜಿನ ನಿಯಮಾವಳಿ ತೆಗೆದು ಕೂತು ಓದಿದೆ. ನೀನಂತೂ ಓದಿರಲ್ಲ. ಹದಿನಾಲ್ಕನೇ ನಿಯಮ: ವ್ಯಾಸಂಗ ವಿರಾಮ. ಎರಡು ಸೆಮಿಸ್ಟರ್‌ವರೆಗೆ ರಜೆ. ಪಾಸಾದ ವಿಷಯಗಳ ಕ್ರೆಡಿಟ್ ಹಾಗೇ ಇರತ್ತೆ. ವಾಪಸ್ ಬಂದ್ರೆ ನಿನ್ನ ಜೂನಿಯರ್ ಬ್ಯಾಚಿನ ಜೊತೆ ಏಳನೇ ಸೆಮಿಸ್ಟರಿಂದಲೇ ಶುರು. ಅಷ್ಟರಲ್ಲಿ ಸಿಲಬಸ್ ಬದಲಾಗಿದ್ರೆ ಒಂದೋ ಎರಡೋ ವಿಷಯ ಜಾಸ್ತಿ ಬರೀಬೇಕು. ಡಿಗ್ರಿಗೆ ಒಟ್ಟು ಎಂಟು ವರ್ಷ ಗಡುವು, ವಿರಾಮದ ವರ್ಷವೂ ಅದರಲ್ಲೇ ಲೆಕ್ಕ. ಅಂದ್ರೆ ಗಡಿಯಾರ ನಿಲ್ಲಲ್ಲ, ಆದ್ರೆ ಬಾಗಿಲು ಮುಚ್ಚಲ್ಲ. ಆರನೇ ಸೆಮಿಸ್ಟರಿನ ಆ ಫೇಲಾದ ಪೇಪರ್ (ನಂಗೆ ಗೊತ್ತಿಲ್ಲ ಅನ್ಕೊಂಡಿದ್ಯಾ) ರಜೆಯಲ್ಲಿದ್ರೂ ಬರೀಬಹುದು.*

*ಅರ್ಜಿ ಬಿಳೀ ಹಾಳೆ, ಫಾರಂ ಅಲ್ಲ. ಕೈಯಲ್ಲೇ ಬರೀಬೇಕು, ಅದಕ್ಕೇ ಕೌಂಟರ್‌ನಲ್ಲಿ ಯಾರೂ ಹೇಳಲ್ಲ. ಪ್ರಾಜೆಕ್ಟ್ ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ರಿಜಿಸ್ಟ್ರಾರ್ ಆಫೀಸ್. ಪರೀಕ್ಷೆ ನೋಂದಣಿ ಮುಗಿಯೋದರೊಳಗೆ ಸೇರಬೇಕು — ಸೆಪ್ಟೆಂಬರ್ 9, ನಾಲ್ಕು ಗಂಟೆ. ಕೊಟ್ಟ ಮೇಲೆ ಸೀಲ್ ಹಾಕಿಸ್ಕೊಂಡು ಇನ್ನೊಂದು ಪ್ರತಿ ನೀನಿಟ್ಕೊ. ಸೀಲ್ ಇಲ್ದೆ ಕೌಂಟರ್ ಬಿಟ್ಟು ಅಲ್ಲಾಡಬೇಡ.*

*ಸುಮ್ನೆ ಕ್ಲಾಸಿಗೆ ಹೋಗದೆ ಇರೋದು ಮಾತ್ರ ಮಾಡಬೇಡ. ಹಾಜರಿ ಎಪ್ಪತ್ತೈದಕ್ಕಿಂತ ಕೆಳಗೆ ಬಂದ್ರೆ ಪರೀಕ್ಷೆಗೂ ಕೂರಿಸಲ್ಲ, ರಜೆಯೂ ಕೊಡಲ್ಲ. ನಾನು ಮಾಡಿದ್ದು ಅದನ್ನೇ.*

*ಹೌದು ಕಣೋ. ಫಾರ್ಮಸಿ ಕೊನೇ ವರ್ಷ. ಒಂದು ಸೋಮವಾರ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಯಾರಿಗೂ ಒಂದು ಸಾಲು ಬರೆದು ಕೊಡಲಿಲ್ಲ. ಘಟಿಕೋತ್ಸವ ಬೋರು ಅಂತ ನಾನು ಹೋಗಲಿಲ್ಲ ಅಂದ್ಕೊಂಡಿದೀರಲ್ಲ ನೀವೆಲ್ಲ — ನಂಗೆ ಘಟಿಕೋತ್ಸವಾನೇ ಇರಲಿಲ್ಲ. ಹತ್ತು ವರ್ಷ ಆಯ್ತು, ಗಡುವೂ ಮುಗೀತು. ಈ ಕನ್ನಡಕದ ಲ್ಯಾಬಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೂರು ಸಲ ನಂಗೆ ಇನ್‌ಚಾರ್ಜ್ ಆಗು ಅಂದ್ರು. ಸರ್ಟಿಫಿಕೇಟ್ ತಾ ಅಂತಾರಲ್ಲ, ಅದಕ್ಕೆ ಜವಾಬ್ದಾರಿ ಇಷ್ಟ ಇಲ್ಲ ಅಂತೀನಿ. ಅಪ್ಪನೂ ಅದನ್ನೇ ನಂಬಿದಾರೆ, ‘ನಮ್ಮ ಹುಡುಗಿಗೆ ಆಸೆ ಕಮ್ಮಿ’ ಅಂತಾರೆ. ನಂಗೆ ಆಸೆ ಕಮ್ಮಿ ಇಲ್ಲ. ಕಾಗದ ಕಮ್ಮಿ.*

*ಬಿಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ. ಕದ್ದು ಬಿಟ್ಟಿದ್ದಕ್ಕೆ ಇದೆ. ಬಿಡೋದಾದ್ರೆ ಮುಂದಿನ ಬಾಗಿಲಿಂದ ಬಿಡು. ಅಪ್ಪನ ಮುಂದೆ ನಿಂತು ಹೇಳು. ಹೇಳೋ ಧೈರ್ಯ ಇಲ್ದೆ ಇದ್ರೆ ಬಿಡೋ ಧೈರ್ಯ ಇದೆ ಅಂತ ನನ್ನ ಹತ್ರ ಜಂಬ ಕೊಚ್ಚಬೇಡ.*

*— ಅಕ್ಕ*

ಆಗಸ್ಟ್ 29, ಸಂಜೆ

ಸಿಟ್ಟು ಬಂತು. ಯಾಕೆ ಅಂತ ಹೇಳೋಕೂ ಬರ್ತಿಲ್ಲ. ಹತ್ತು ವರ್ಷ ನಮಗೆಲ್ಲ ಟೋಪಿ ಹಾಕಿ ನಂಗೆ ನಿಯಮಾವಳಿ ಹೇಳ್ತಾಳೆ. ಫುಲ್ ಸೀನಿಯರ್ ಪೋಸು.

ಮೆಸೇಜ್ ಹಾಕಿದೆ: ‘ನಿಂಗೆ ವಾಪಸ್ ಹೋಗೋ ಆಸೆ. ನಂಗಿಲ್ಲ. ನಂಗೆ ಬಾಗಿಲು ಬೇಡ.’

ಉತ್ತರ: ‘ಸರಿ. ಬೇಡ ಅನ್ನೋಕೂ ಮೊದಲು ಬಾಗಿಲು ಇರಬೇಕು.’

ಕ್ಲಾಸಿಕ್. ಐದನೇ ಪೈಪು ಉಜ್ಜಿದೆ, ಹಾಳು ಮಾಡಿದೆ.

ಸೆಪ್ಟೆಂಬರ್ 1

ಹಾಜರಿ ನೋಡಿದೆ. ಎಪ್ಪತ್ತಾರು. ಇನ್ನೆರಡು ದಿನ ಹಾಸಿಗೆ ಬಿಡದೆ ಇದ್ರೆ ನಾನೂ ಅಕ್ಕನ ಥರಾನೇ.

ಕ್ಲಾಸಿಗೆ ಹೋದೆ. ಬಿಡೋಕೋಸ್ಕರ ಕ್ಲಾಸಿಗೆ ಹೋಗೋ ಏಕೈಕ ವಿದ್ಯಾರ್ಥಿ.

ಸೆಪ್ಟೆಂಬರ್ 3, ಮಧ್ಯಾಹ್ನ

ಪ್ರಾಜೆಕ್ಟ್ ಟೀಮಿಗೆ ಹೇಳಿದೆ. ನಾವು ನಾಲ್ಕು ಜನ, ಮಡಚೋ ಗಾಲಿಕುರ್ಚಿ. ಅದರ ಫ್ರೇಮ್ ಪೂರ್ತಿ ನನ್ನ ಕೆಲಸ. ನಾನು ನನ್ನ ಪಾಡಿಗೆ ಹೋಗ್ತೀನಿ ಅಂದ್ಕೊಂಡಿದ್ದೆ, ಇವರ ಕುರ್ಚಿ ಅರ್ಧಕ್ಕೇ ನಿಲ್ಲತ್ತೆ ಅಂತ ತಲೆಗೇ ಹೋಗಿರಲಿಲ್ಲ. ಲೀಡರ್ ಮುಖ ಕೆಂಪು. ಮೂರು ವರ್ಷ ಜೊತೆಗೆ ಊಟ ಮಾಡಿ ಕಡೇಲಿ ಎಲೆ ಎತ್ತಿಟ್ಟು ಎದ್ದೆಯಲ್ಲ ಅಂದ. ಅವನು ಹೇಳಿದ್ದು ಸರಿ. ತಪ್ಪೊಪ್ಪಿಕೊಂಡೆ. ಅಳತೆ, ಡ್ರಾಯಿಂಗು, ವೆಲ್ಡಿಂಗ್ ಕ್ರಮ ಎಲ್ಲ ಬರೆದು ಕೊಟ್ಟೆ, ಗೈಡ್ ಮೇಡಮ್ ಮುಂದೆ. ಅವರು ಓದಿ, ಇದನ್ನೇ ಇಷ್ಟು ನೀಟಾಗಿ ರಿಪೋರ್ಟಲ್ಲಿ ಬರೆದಿದ್ರೆ ಅಂತ ನಿಟ್ಟುಸಿರು ಬಿಟ್ಟು, ನಿನ್ನೆ ರಾತ್ರಿ ನಾನು ಬರೆದ ಬಿಳೀ ಅರ್ಜಿಗೆ ಸಹಿ ಹಾಕಿದ್ರು.

ಸೆಪ್ಟೆಂಬರ್ 5

ವಿಭಾಗದ ಮುಖ್ಯಸ್ಥರ ರೂಮು. ಎಸಿ, ಒಣಗಿದ ಗಿಡ, ಕುರ್ಚಿ ಒಂದೇ, ಅದರಲ್ಲಿ ಅವರೇ.

ಅರ್ಜಿ ಓದಿದ್ರು. ಸೈಕಲ್ ರಿಪೇರಿಗೆ ಹೋಗೋಕೆ ಇಷ್ಟು ವರ್ಷ ನಮ್ಮ ಬೆಂಚ್ ಸವೆಸಿದ್ಯಾ ಅಂದ್ರು.

“ರಿಪೇರಿ ಅಲ್ಲ ಸರ್. ಕಟ್ಟೋದು. ನೀವು ಮೂರನೇ ಸೆಮಿಸ್ಟರಲ್ಲಿ ಬೋರ್ಡ್ ಮೇಲೆ ಬರೆದಿದ್ದನ್ನ ಅವರು ಕೈಯಲ್ಲಿ ಮಾಡ್ತಾರೆ.”

ಅಪ್ಪನ ಸಹಿ ಎಲ್ಲಿ ಅಂದ್ರು. ಸಹಿ ಇಲ್ದೆ ಮುಟ್ಟಲ್ಲ ಅಂದ್ರು. ಅಕ್ಕ ಕಾಗದದ ಜೊತೆ ಅಡಿಗೆರೆ ಎಳೆದು ಕಳಿಸಿದ್ದ ನಿಯಮಾವಳಿ ಪುಟ ಜೇಬಲ್ಲಿತ್ತು. ಹದಿನಾಲ್ಕನೇ ನಿಯಮ, ಮೂರನೇ ಸಾಲು: ಹದಿನೆಂಟು ದಾಟದವರಿಗೆ ಮಾತ್ರ ಪೋಷಕರ ಸಹಿ. ನಂಗೆ ಇಪ್ಪತ್ತೊಂದು. ಮೇಜಿನ ಮೇಲಿಟ್ಟೆ.

ಎರಡು ಸಲ ಓದಿದ್ರು. ಸಹಿ ಹಾಕಿದ್ರು. ವಾಪಸ್ ಬರ್ತೀಯಾ ಅಂತ ಕೇಳಿದ್ರು, ಈ ಸಲ ಗದರಿಸದೆ.

“ಗೊತ್ತಿಲ್ಲ ಸರ್” ಅಂದೆ. ಮೂರು ವರ್ಷದಲ್ಲಿ ಆ ರೂಮಲ್ಲಿ ನಾನು ಹೇಳಿದ ಮೊದಲ ನಿಜ.

ಸೆಪ್ಟೆಂಬರ್ 8, ಮಧ್ಯಾಹ್ನ 3.15

ಕೊಟ್ಟೆ. ಸೀಲ್ ಬಿತ್ತು. ನನ್ನ ಪ್ರತಿ ನನ್ನ ಕೈಲಿ. ಹಳದಿ ಫಾರಂ ಕೌಂಟರಿನ ಅದೇ ಮೇಡಮ್‌ಗೆ ವಾಪಸ್ ಕೊಟ್ಟೆ, ಬೇಡ ಅಂದೆ. ಅವರು ಮೊದಲ ಸಲ ತಲೆ ಎತ್ತಿ ನೋಡಿದ್ರು. ಬಿಳೀ ಅರ್ಜಿ ಇದೆ ಅಂತ ನಿಂಗೆ ಯಾರು ಹೇಳಿದ್ದು ಅಂದ್ರು.

ನಮ್ಮಕ್ಕ ಅಂದೆ.

ಅಕ್ಕಂಗೆ ಸೀಲಿನ ಫೋಟೋ ಹಾಕಿದೆ. ಥಂಬ್ಸಪ್ ಹಾಕಿದಾಳೆ. ಬರೀ ಥಂಬ್ಸಪ್. ಪಾಪಿ.

ಜೊತೆಗೆ ಇನ್ನೊಂದು ಬರೆದೆ: ‘ಶನಿವಾರ ಅಪ್ಪಂಗೆ ಹೇಳ್ತೀನಿ. ನೀನೂ ಬಾ. ನಿಂದೂ ಹೇಳು. ಹೇಳೋ ಧೈರ್ಯ ಇಲ್ದೆ ಇದ್ರೆ ನಂಗೆ ಬುದ್ಧಿ ಹೇಳೋಕೆ ಬರಬೇಡ.’

ಬ್ಲೂ ಟಿಕ್.

ಸೆಪ್ಟೆಂಬರ್ 13, ಶನಿವಾರ, ಸಂಜೆ 5

ಮನೆ. ಅಕ್ಕ ಬರಲ್ಲ ಅನ್ಕೊಂಡಿದ್ದೆ. ನಾಲ್ಕಕ್ಕೆ ಬಂದಳು, ಲ್ಯಾಬಿನ ಏಪ್ರನ್ ಕೂಡ ಬಿಚ್ಚಿರಲಿಲ್ಲ, ಉಗುರಲ್ಲಿ ಗಾಜಿನ ಪುಡಿ. ನನ್ನ ಕಿವಿ ಹಿಂಡಿ ಒಳಗೆ ಹೋದಳು.

ಅಪ್ಪ ಪೇಪರ್ ಓದ್ತಿದ್ರು. ಒಂದು ವಿಷಯ ಹೇಳ್ಬೇಕು ಅಂದೆ. ಕೂತ್ಕೊ ಅಂದ್ರು. ನಿಂತೇ ಹೇಳ್ತೀನಿ ಅಂದೆ. ಹೇಳಿದೆ. ಅಜ್ಜ, ಪೈಪು, ಒಂದು ವರ್ಷ, ಸೀಲು. ಎಲ್ಲ. ಮಧ್ಯೆ ನಿಲ್ಲಿಸಲಿಲ್ಲ.

ಅಪ್ಪ ನನ್ನ ನೋಡಲೇ ಇಲ್ಲ. ಅಕ್ಕನ ಕಡೆ ತಿರುಗಿ, ನೀನಾದ್ರೂ ಹೇಳಮ್ಮ ಇವನಿಗೆ, ನೀನು ಓದು ಮುಗಿಸಿದವಳು ಅಂದ್ರು.

ಅಕ್ಕ ನನ್ನ ಪಕ್ಕ ಬಂದು ನಿಂತಳು.

“ಅಪ್ಪ, ನಾನು ಮುಗಿಸಿಲ್ಲ.”

ಪೇಪರ್ ಕೆಳಗಿಟ್ರು. ಎದ್ದು ಬಾಲ್ಕನಿಗೆ ಹೋದ್ರು. ಬಾಗಿಲು ಹಾಕ್ಕೊಂಡ್ರು. ಅರ್ಧ ಗಂಟೆ ಆಯ್ತು. ಅಕ್ಕ ಇಲ್ಲೇ ನನ್ನ ಮಂಚದ ಮೇಲೆ ಕೂತು ಉಗುರು ಕೆರೀತಿದಾಳೆ. ನಾನು ಬರೀತಿದೀನಿ. ಬಯ್ದ್ರೆ ಬಯ್ಯಲಿ. ಅಕ್ಟೋಬರ್ ಒಂದಕ್ಕೆ ಹೋಗೋದಂತೂ ಹೋಗೋದೇ. ತಪ್ಪಾಯ್ತು ಅಂತ ಮಾತ್ರ ಹೇಳಲ್ಲ, ಅವಳೂ ಹೇಳಬಾರದು, ಅದನ್ನ ಈಗಲೇ ಅವಳಿಗೆ

ಬಾಗಿಲು ತೆಗೆದ ಸದ್ದು. ಕರೀತಿದಾರೆ. ಇಬ್ಬರ ಹೆಸರೂ ಹಿಡಿದು. ಅಕ್ಕ ಎದ್ದು ನಿಂತಳು, ನಾನೂ —