ಸಿದ್ದಪ್ಪನಿಗೂ ಸಲ್ಲುವ ಒಂದು ಹಾಳೆ

ನನ್ನ ಯಜಮಾನರಿಗೆ,

ನೀವು ಹೋದ ಮೇಲೆ ಇಲ್ಲಿ ಗೋವಾದಲ್ಲಿ, ಉಸಗಾಂವದ ನಮ್ಮ ಸಭೆಗೆ ಹುಬ್ಬಳ್ಳಿಯಿಂದ ಹೊಸ ಪಾಸ್ಟರ್ ಬಂದರು. ಚಿಕ್ಕ ವಯಸ್ಸು. ದೀಕ್ಷಾಸ್ನಾನಕ್ಕೆ ಮೊದಲು ಹೊಸಬರಿಗೆ ನೀವು ನಡೆಸುತ್ತಿದ್ದ ತರಗತಿಯನ್ನು ಅವರು ಮತ್ತೆ ಶುರು ಮಾಡಿದರು. ನೀವಾದರೆ ವರ್ಕ್‌ಶಾಪಿನಿಂದ ಬಂದು, ಕೈ ತೊಳೆದು, ಬಾಯಿಮಾತಿನಲ್ಲೇ ಎಲ್ಲ ಹೇಳಿಬಿಡುತ್ತಿದ್ದಿರಿ. ಅವರಿಗೆ ಪಾಠಕ್ಕೊಂದು ಹಾಳೆ ಬೇಕಿತ್ತು. ಬಾಲವಾಡಿ ಟೀಚರ್ ಅಂತ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಒಂದ ಹಾಳಿ ಸಾಕ್ರಿ ಅಕ್ಕಾರ, ಎರಡಾದ್ರ ಯಾರೂ ಓದಂಗಿಲ್ಲ’ ಅಂದರು. ಪಾಠ ಯಾವುದು ಗೊತ್ತೇ? ದೇವರು ಪಾಪಿಯನ್ನು ನೀತಿವಂತನೆಂದು ನಿರ್ಣಯಿಸುವುದು. ಅದೂ ಅವನ ಪುಣ್ಯ ನೋಡಿ ಅಲ್ಲ, ನಂಬಿಕೆಯಿಂದ ಮಾತ್ರ.

ಆ ಭಾನುವಾರ ಹೊಸಬರ ಮುಖ ನೋಡೋಣವೆಂದು ತರಗತಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಸಿದ್ದಪ್ಪ ಕೂತಿದ್ದ. ನಿಮ್ಮ ಮೇಲೆ ಅದಿರಿನ ಟ್ರಕ್ ಹಾಯಿಸಿದ ಸಿದ್ದಪ್ಪ. ಕೋರ್ಟಿನಲ್ಲಿ ಏನಾಯಿತೆಂದು ನೀವು ಕೇಳಿಲ್ಲವಲ್ಲ, ಹೇಳುತ್ತೇನೆ. ಟ್ರಕ್ಕಿನ ಮಾಲೀಕರ ವಕೀಲರು ಕಲಿಸಿದಂತೆ ಕ್ಲೀನರ್ ಸಾಕ್ಷಿ ಹೇಳಿದ: ಸತ್ತವರೇ ಕುಡಿದು ಟ್ರಕ್ಕಿಗೆ ಅಡ್ಡ ಬಂದರಂತೆ. ಸಿದ್ದಪ್ಪ ನಿರ್ದೋಷಿ ಎಂದು ತೀರ್ಪಾಯಿತು. ಒಂದು ಹನಿ ಮುಟ್ಟದ ನೀವು ಕುಡುಕರಾದಿರಿ. ಗದಗಿನ ಕಡೆ ನಿಮ್ಮ ಅವ್ವನ ಊರಿಗೂ ಆ ಸುದ್ದಿ ಹೋಯಿತು. ಅವ್ವ ಅದನ್ನು ನಂಬಿದರು. ನಾನು ಎಷ್ಟು ಹೇಳಿದರೂ, ಗಂಡನ ತಪ್ಪು ಮುಚ್ಚುತ್ತಿದ್ದೇನೆ ಅಂದುಕೊಂಡರು. ಹಾಗಿರುವಾಗ ಅಪರಾಧಿಯನ್ನು ಬಿಡುಗಡೆ ಮಾಡುವ ದೇವರ ಬಗ್ಗೆ ನಾನು ಯಾವ ಬಾಯಿಂದ…

ಅವನನ್ನು ತರಗತಿಯಿಂದ ತೆಗೆಯಿರಿ ಎಂದು ಪಾಸ್ಟರರನ್ನು ಕೇಳಿದೆ. ಬಾಗಿಲು ಹಾಕುವುದು ತಮ್ಮ ಕೈಯಲ್ಲಿಲ್ಲ ಎಂದರು. ಹಾಳೆ ತಾವೇ ಬರೆಯುವುದಾಗಿ ಹೇಳಿದರು. ಬರೆದು ತಂದು ತೋರಿಸಿದರು ಕೂಡ. ಕೊನೆಯ ಸಾಲು: ದೇವರು ನಿನ್ನ ಪಾಪ ಮರೆತಿದ್ದಾನೆ, ನೀನೂ ಮರೆತುಬಿಡು. ಸಿದ್ದಪ್ಪ ಮರೆತುಬಿಡಬೇಕೇ? ನಿಮ್ಮನ್ನೇ? ಹಾಳೆಯನ್ನು ಅವರ ಕೈಗೆ ವಾಪಸು ಕೊಟ್ಟು, ನಾನೇ ಬರೆಯುತ್ತೇನೆ ಅಂದೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ.

ಬರೆದುದನ್ನು ಮೊದಲು ಓದಿ ಹೇಳಿದ್ದು ಪಕ್ಕದ ಮನೆಯ ಗಂಗವ್ವನಿಗೆ. ಅವಳೂ ಆ ತರಗತಿಯವಳೇ, ಅಕ್ಷರ ಬಾರದವಳು. ಕೇಳಿದ ಮೇಲೆ ತನ್ನ ಮಾತಿನಲ್ಲಿ ತಿರುಗಿ ಹೇಳು ಅಂದೆ. ‘ನೀತಿವಂತ’ ಅಂದರೆ ನಡತೆ ಚಲೋ ಇರುವವನು ಅಂದಳು. ಹಾಗಾದರೆ ಮೊದಲು ಚಲೋ ಆಗಬೇಕು, ಆಮೇಲೆ ದೇವರು ಒಪ್ಪುತ್ತಾನೆ ಅಂದಳು. ಪಾಠ ತಲೆಕೆಳಗಾಗಿತ್ತು. ಆ ಶಬ್ದವನ್ನು ಹೊಡೆದುಹಾಕಿ, ‘ನಿನ್ನ ಮೇಲೆ ಇನ್ನು ದೋಷವಿಲ್ಲ, ನೀನು ನನ್ನವನು ಎಂದು ದೇವರೇ ತೀರ್ಪು ಕೊಡುವುದು’ ಎಂದು ಬರೆದೆ. ಸ್ನಾನ ಮಾಡಿದರೆ ಕೊಳೆ ಹೋದಂತೆ ಅಂತ ಹೋಲಿಕೆ ಕೊಟ್ಟರೆ, ದೀಕ್ಷಾಸ್ನಾನದ ನೀರೇ ಪಾಪ ತೊಳೆಯುತ್ತದೆ ಅಂದುಕೊಂಡಳು. ಅದನ್ನೂ ತೆಗೆದೆ. ನಂಬಿಕೆಯೇ ನಾವು ಮಾಡುವ ಪುಣ್ಯದ ಕೆಲಸವೇ ಎಂದು ಕೇಳಿದಳು. ಅಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳಲು ಚಾಚಿದ ಬರಿಗೈ ಅಷ್ಟೇ, ಆ ಕೈಗೆ ಕೂಲಿ ಇಲ್ಲ ಎಂದು ಸೇರಿಸಿದೆ.

ಉಳಿದದ್ದು ಕೋರ್ಟಿನ ಹೋಲಿಕೆ. ತೀರ್ಪಿನ ಮಾತು ಕೋರ್ಟಿಲ್ಲದೆ ಹೇಗೆ ಹೇಳುವುದು? ಗಂಗವ್ವ ಮೆಲ್ಲಗೆ ಅಂದಳು: ‘ಟೀಚರ, ಸಿದ್ದಪ್ಪನ್ನ ಬಿಟ್ಟಂಗ ಬಿಡ್ತಾನೇನ್ರಿ ದೇವರು?’

ಒಂದು ವಾರ ಆ ಪ್ರಶ್ನೆಯನ್ನೇ ಹೊತ್ತು ತಿರುಗಿದೆ. ಕಡೆಗೆ ಹಾಳೆಯ ನಡುವೆ ಬರೆದದ್ದು ಇಷ್ಟು. ‘ನಮ್ಮ ಕೋರ್ಟಿನಲ್ಲಿ ಕೆಲವೊಮ್ಮೆ ಸುಳ್ಳು ಹೇಳಿ ಬಿಡಿಸಿಕೊಳ್ಳುತ್ತಾರೆ. ತಪ್ಪು ನಡೆದೇ ಇಲ್ಲ ಅನ್ನುತ್ತಾರೆ. ದೇವರು ಹಾಗೆ ಅನ್ನುವುದಿಲ್ಲ. ತಪ್ಪನ್ನು ತಪ್ಪೆಂದೇ ಕರೆಯುತ್ತಾನೆ. ಅದಕ್ಕೆ ಶಿಕ್ಷೆಯನ್ನೂ ವಿಧಿಸುತ್ತಾನೆ. ಆ ಶಿಕ್ಷೆಯನ್ನು ಹೊತ್ತವನು ದಾರಿಯಲ್ಲಿ ಹಿಡಿದು ತಂದ ಯಾರೋ ಅಮಾಯಕನಲ್ಲ. ದೇವರೇ ಮನುಷ್ಯನಾಗಿ, ಕ್ರಿಸ್ತನಾಗಿ, ತಾನಾಗಿ ಬಂದು ಹೊತ್ತನು. ಆದ್ದರಿಂದ ಈ ಬಿಡುಗಡೆಯಲ್ಲಿ ಸುಳ್ಳಿಲ್ಲ.’ ಪ್ರತಿ ಸಾಲನ್ನೂ ನಂಬಿಯೇ ಬರೆದೆ. ನಂಬಿದ್ದಕ್ಕೇ, ಅದು ಸಿದ್ದಪ್ಪನಿಗೂ ಸಲ್ಲುತ್ತದೆ ಎಂಬುದನ್ನು ಸಹಿಸಲಾಗಲಿಲ್ಲ.

ಕೊನೆಯಲ್ಲಿ ಇನ್ನೊಂದು ಸಾಲು ಹಾಕಿದ್ದೆ: ‘ನಾವು ಯಾರಿಗೆ ಅನ್ಯಾಯ ಮಾಡಿದ್ದೇವೋ ಅವರಿಗೆ ನಿಜ ಹೇಳಬೇಕು, ಆಗ ಬಿಡುಗಡೆ.’ ಪಾಸ್ಟರ್ ಅದರ ಕೆಳಗೆ ಬೆರಳಿಟ್ಟರು. ‘ಅಕ್ಕಾರ, ಇದು ಬೆಲಿ ಕಟ್ಟಿದಂಗ ಆತು. ಉಚಿತ ಅಂದು ಮ್ಯಾಲ ಬರದು, ಕೆಳಗ ಷರತ್ತು ಹಾಕೀರಿ.’ ಅವರು ಹೇಳಿದ್ದು ಖರೆ. ಷರತ್ತು ಹಾಕುವ ಆಸೆ ನನಗೆ ಇದ್ದೇ ಇತ್ತು. ಆದರೆ ಸಾಲನ್ನು ತೆಗೆಯಲು ನಾನು ಒಪ್ಪಲಿಲ್ಲ. ವಾದ ಮಾಡಿ ಮಾಡಿ, ಕೊನೆಗೆ ಹಿಂದುಮುಂದು ಮಾಡಿ ಬರೆದೆವು: ‘ನಿಜ ಹೇಳುವುದು ಬಿಡುಗಡೆ ಪಡೆಯುವುದಕ್ಕಲ್ಲ, ಬಿಡುಗಡೆ ಸಿಕ್ಕಿರುವುದರಿಂದ.’ ಅದನ್ನೇ ಸ್ಟೆನ್ಸಿಲ್ ಮೇಲೆ ಕೊರೆದು ಪ್ರತಿ ತೆಗೆದೆವು.

ತರಗತಿಯಲ್ಲಿ ನಾನೇ ಓದಿದೆ, ಅರ್ಧ ಜನರಿಗೆ ಓದು ಬರುತ್ತಿರಲಿಲ್ಲವಲ್ಲ. ಮುಗಿದ ಮೇಲೆ ಸಿದ್ದಪ್ಪ ಎದ್ದು ನಿಂತ. ಹಾಳೆ ಅವನ ಕೈಯಲ್ಲಿ ಸುರುಳಿಯಾಗಿತ್ತು.

‘ಕೋರ್ಟಿನ್ಯಾಗ ನಾ ಬಿಡುಗಡಿ ಆಗಿ ಬಂದೇನ್ರಿ. ಇಲ್ಲಿ ನನಗ ಬಿಡುಗಡಿ ಐತೇನು?’

ಇಲ್ಲ ಅನ್ನಬೇಕೆಂದು ನನಗೆ ಎಷ್ಟು ಆಸೆಯಾಯಿತು ಗೊತ್ತೇ? ಎದುರಿಗೆ ನನ್ನದೇ ಅಕ್ಷರದ ಹಾಳೆ ಇತ್ತು.

‘ಐತಿ,’ ಅಂದೆ. ‘ಮಾಡಿದ್ದನ್ನ ಮಾಡೇ ಇಲ್ಲ ಅನ್ನಾವಂಗ ಬಿಡುಗಡಿನ ಬೇಕಾಗಂಗಿಲ್ಲ.’

ಅವನು ಎಲ್ಲರ ಮುಂದೆ ಹೇಳಿದ: ‘ಅವರು ಕುಡದಿರಲಿಲ್ರಿ. ನಾ ಕುಡದಿದ್ದೆ. ಅವರು ರಸ್ತಾದ ಬಾಜೂಕ ಸೈಕಲ್ ಹಿಡಕೊಂಡು ನಿಂತಿದ್ರು.’

ಗಂಗವ್ವ ನನ್ನ ಕೈ ಹಿಡಿದಳು. ನಾನು ಅಳಲಿಲ್ಲ. ನೀವು ನಿಂತಿದ್ದಿರಿ, ಅಷ್ಟೇ. ನಿಂತಿದ್ದಿರಿ.

ಪಾಸ್ಟರ್ ಫೋಂಡಾದ ಒಬ್ಬ ವಕೀಲರನ್ನು ಕೇಳಿ ಬಂದರು. ಒಮ್ಮೆ ನಿರ್ದೋಷಿ ಎಂದು ಬಿಟ್ಟವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯಲು ಬರುವುದಿಲ್ಲವಂತೆ. ಮೇಲ್ಮನವಿಯ ಕಾಲವೂ ಮೀರಿತ್ತು. ಅವನು ಒಪ್ಪಿಕೊಂಡರೂ ಆ ತೀರ್ಪು ಹಾಗೇ ಇರುತ್ತದೆ. ಅಲ್ಲೂ ಬಿಡುಗಡೆ, ಇಲ್ಲೂ ಬಿಡುಗಡೆ. ನನಗೆ ಉಳಿದದ್ದೇನು, ನೀವೇ ಹೇಳಿ? ‘ನಿಮ್ಮ ಅತ್ತಿಯವರ ಮುಂದ ಹೇಳ್ತೇನ್ರಿ’ ಎಂದು ಸಿದ್ದಪ್ಪನೇ ಅಂದ. ನಾನು ಕೇಳಿರಲಿಲ್ಲ. ಪಾಸ್ಟರ್, ಅವನು, ನಾನು ಮೂವರೂ ಅವ್ವನ ಊರಿಗೆ ಬಸ್ಸಿನಲ್ಲಿ ಹೋದೆವು. ನಾನು ಅವನಿಂದ ದೂರ, ಮುಂದಿನ ಸೀಟಿನಲ್ಲಿ ಕೂತೆ.

ಅವ್ವ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದರು. ಅವನನ್ನು ಒಂದು ಮಾತೂ ಬೈಯಲಿಲ್ಲ. ನನ್ನ ಕಡೆ ತಿರುಗಿದರು. ‘ಇಷ್ಟ ದಿನ ನಾ ಬೈದದ್ದು ನನ್ನ ಮಗನ್ನ ಅಲ್ಲೇನವಾ?’ ಅಂದರು. ನಾನು ಅವರ ಪಕ್ಕ ಕಟ್ಟೆಯ ಮೇಲೆ ಕೂತೆ.

ಹೋದ ತಿಂಗಳು ಸಿದ್ದಪ್ಪನ ದೀಕ್ಷಾಸ್ನಾನವಾಯಿತು. ನಾನು ಹೊಳೆಯ ದಂಡೆಯಲ್ಲಿ ನಿಂತಿದ್ದೆ. ಎಲ್ಲರೂ ಅವನ ಕೈ ಕುಲುಕಿದರು, ನಾನು ಕುಲುಕಲಿಲ್ಲ. ದೇವರು ಅವನನ್ನು ಬಿಟ್ಟಿದ್ದಾನೆ ಎಂದು ನಂಬುತ್ತೇನೆ. ನಾನು ಇನ್ನೂ ಬಿಟ್ಟಿಲ್ಲ. ಬಿಡಬೇಕೆಂದು ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ನೀವಿಲ್ಲದ ಮನೆಗೆ ದಿನಾ ಬಾಗಿಲು ತೆಗೆಯುವವಳು ನಾನು…

ಒಂದು ಸುದ್ದಿ ಮಾತ್ರ ನಿಮಗೆ ಮುಟ್ಟಬೇಕು. ಅವ್ವ ಈಗ ಪ್ರಾರ್ಥನೆಗೆ ಹೋದಾಗಲೂ, ಹಿಟ್ಟಿನ ಗಿರಣಿಯಲ್ಲಿ ಸರದಿ ನಿಂತಾಗಲೂ, ಯಾರೂ ಕೇಳದಿದ್ದರೂ, ತಾವಾಗಿ ಹೇಳುತ್ತಾರಂತೆ: ‘ನನ್ನ ಮಗ ಕುಡದಿರಲಿಲ್ಲ.’

ನಿಮ್ಮ
ಸುಶೀಲಾ